ಲೈವ್ ಬರ್ತಿದೆ, ರೆಕಾರ್ಡ್ ಇಲ್ಲ: ಅಡಿಕೆ ಶೆಡ್ಡಿನ ಡಿವಿಆರ್ ಪರೀಕ್ಷೆ ಮಾಡೋದು ಹೀಗೆ

2024ರ ಅಕ್ಟೋಬರ್ ಕೊನೆಯಲ್ಲಿ ನ್ಯಾಮತಿಯ ಎಸ್‌ಬಿಐ ಶಾಖೆಯಲ್ಲಿ ನಡೆದ ಚಿನ್ನದ ಕಳುವು ನಿಮಗೆಲ್ಲ ನೆನಪಿರುತ್ತೆ. ಕಳ್ಳರು ಕಿಟಕಿಯ ಸರಳು ತೆಗೆದು ಒಳಗೆ ಬಂದರು, ಗ್ಯಾಸ್ ಕಟರ್‌ನಿಂದ ಲಾಕರ್ ಕೊಯ್ದರು, ಹೋಗುವಾಗ ಖಾರದ ಪುಡಿ ಎರಚಿ ಹೋದರು. ಜೊತೆಗೆ ಸಿಸಿಟಿವಿಯ ಡಿವಿಆರ್ ಪೆಟ್ಟಿಗೆಯನ್ನೂ ಹೊತ್ತುಕೊಂಡು ಹೋದರು. ಕ್ಯಾಮೆರಾ ಅಲ್ಲೇ ಗೋಡೆ ಮೇಲೆ ಇತ್ತು, ಅದು ನೋಡಿದ್ದು ಮಾತ್ರ ಪೊಲೀಸರ ಕೈಗೆ ಸಿಗಲಿಲ್ಲ. ಆರೋಪಿಗಳು ಸಿಕ್ಕಿಬಿದ್ದಿದ್ದು 2025ರ ಮಾರ್ಚ್‌ನಲ್ಲಿ, ಐದು ತಿಂಗಳ ನಂತರ.

ಆ ಕಳ್ಳರಿಗೆ ಒಂದು ವಿಷಯ ಚೆನ್ನಾಗಿ ಗೊತ್ತಿತ್ತು: ಸಾಕ್ಷಿ ಇರೋದು ಕ್ಯಾಮೆರಾದಲ್ಲಲ್ಲ, ಡಿವಿಆರ್ ಒಳಗಿನ ಹಾರ್ಡ್ ಡಿಸ್ಕ್‌ನಲ್ಲಿ. ನಮ್ಮ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆ ಶೆಡ್, ಗೋದಾಮು, ಪಂಪ್‌ಹೌಸ್‌ಗೆ ಕ್ಯಾಮೆರಾ ಹಾಕಿಸಿದ ಬಹಳ ಜನಕ್ಕೆ ಈ ವಿಷಯ ಕಳುವಾದ ಮೇಲೆ ಗೊತ್ತಾಗುತ್ತೆ. ಡಿವಿಆರ್ ಅಲ್ಲೇ ಇರುತ್ತೆ, ದೀಪವೂ ಮಿನುಗ್ತಿರುತ್ತೆ, ಆದರೆ ಒಳಗೆ ರೆಕಾರ್ಡ್ ನಿಂತು ಎರಡು ವಾರ ಆಗಿರುತ್ತೆ.

ಈ ವಾರ ಅದನ್ನೇ ನೋಡೋಣ. ರೆಕಾರ್ಡ್ ಯಾಕೆ ಉಳಿದಿಲ್ಲ ಅಂತ ನೀವೇ ಕಂಡುಹಿಡಿಯೋದು ಹೇಗೆ, ಯಾವುದನ್ನು ನೀವೇ ಸರಿ ಮಾಡಬಹುದು, ಯಾವಾಗ ಡಿಸ್ಕ್ ಬದಲಿಸಲೇಬೇಕು.

## ಲೈವ್ ಬೇರೆ, ರೆಕಾರ್ಡ್ ಬೇರೆ

"ಅಣ್ಣಾ, ಮೊಬೈಲಲ್ಲಿ ದಿನಾ ರಾತ್ರಿ ನೋಡ್ತೀನಿ, ನಾಲ್ಕೂ ಕ್ಯಾಮೆರಾ ಬರ್ತಾವೆ. ರೆಕಾರ್ಡ್ ಹೆಂಗೆ ಇಲ್ಲ ಅಂತೀಯ?" ಕ್ಯಾಮೆರಾ ರಿಪೇರಿ ಮಾಡುವವರು ಹೆಚ್ಚಾಗಿ ಕೇಳಿಸಿಕೊಳ್ಳೋ ಪ್ರಶ್ನೆ ಇದು.

ಉತ್ತರ ಸರಳ. ಕ್ಯಾಮೆರಾದಿಂದ ಬಂದ ಚಿತ್ರ ಡಿವಿಆರ್ ಒಳಗೆ ಎರಡು ದಾರಿ ಹಿಡಿಯುತ್ತೆ. ಒಂದು ದಾರಿ ನೇರವಾಗಿ ಟಿವಿಗೆ ಮತ್ತು ಇಂಟರ್ನೆಟ್ ಮೂಲಕ ನಿಮ್ಮ ಮೊಬೈಲ್‌ಗೆ. ಇನ್ನೊಂದು ದಾರಿ ಹಾರ್ಡ್ ಡಿಸ್ಕ್‌ಗೆ. ಮೊದಲನೇ ದಾರಿಗೆ ಡಿಸ್ಕ್ ಬೇಕಾಗೇ ಇಲ್ಲ. ಡಿಸ್ಕ್ ಬಿಚ್ಚಿ ಕೈಯಲ್ಲಿ ಹಿಡ್ಕೊಂಡರೂ ಲೈವ್ ಬರ್ತಾನೇ ಇರುತ್ತೆ. ಹಾಗಾಗಿ ಲೈವ್ ನೋಡಿದರೆ ಕ್ಯಾಮೆರಾ ಮತ್ತು ಇಂಟರ್ನೆಟ್ ಸರಿ ಇದೆ ಅಂತ ಗೊತ್ತಾಗುತ್ತೆ, ಅಷ್ಟೇ. ರೆಕಾರ್ಡ್ ಇದೆಯೋ ಇಲ್ಲವೋ ತಿಳಿಯೋಕೆ ಇರೋದು ಒಂದೇ ದಾರಿ: ನಿನ್ನೆಯದನ್ನು ಪ್ಲೇಬ್ಯಾಕ್‌ನಲ್ಲಿ ಹಾಕಿ ನೋಡೋದು.

## ಒಂದು ಉದಾಹರಣೆ ಇಟ್ಕೊಳ್ಳೋಣ

ಚನ್ನಗಿರಿ ತಾಲ್ಲೂಕಿನ ಒಂದು ಅಡಿಕೆ ಶೆಡ್ ಅಂತ ಅಂದ್ಕೊಳ್ಳಿ. ನಾಲ್ಕು ಕ್ಯಾಮೆರಾ: ಗೇಟಿಗೆ ಒಂದು, ಒಣಗಿಸೋ ಕಣಕ್ಕೆ ಒಂದು, ಚೀಲ ಜೋಡಿಸೋ ಗೋದಾಮಿನ ಒಳಗೆ ಒಂದು, ಸುಲಿಯೋ ಯಂತ್ರದ ಹತ್ತಿರ ಒಂದು. ಡಿವಿಆರ್‌ನಲ್ಲಿ 1 ಟಿಬಿ ಹಾರ್ಡ್ ಡಿಸ್ಕ್. ನವೆಂಬರ್ 4ಕ್ಕೆ 40 ಚೀಲ ಒಣ ಅಡಿಕೆ ಗೋದಾಮಿಗೆ ಹಾಕಿದರು. ನವೆಂಬರ್ 28ಕ್ಕೆ ಮಾರಾಟಕ್ಕೆ ಅಂತ ಎತ್ತಿದಾಗ ಲೆಕ್ಕಕ್ಕೆ ಸಿಕ್ಕಿದ್ದು 37. ಬಾಗಿಲ ಬೀಗ ಒಡೆದಿಲ್ಲ. ಡಿವಿಆರ್ ತೆಗೆದು ನೋಡಿದರೆ ಹಿಂದಿನ ಹನ್ನೊಂದು ದಿನದ್ದು ಏನೂ ಇಲ್ಲ.

ಈಗ ಮನೆಯವರು ಮೊದಲು ಏನು ಮಾಡಬೇಕು?

## ಮೊದಲು ಏನು ಮಾಡಬಾರದು

ಡಿಸ್ಕ್ ಮೆನುವಿಗೆ ಹೋದರೆ `Format` ಅಥವಾ `Initialize` ಅನ್ನೋ ಬಟನ್ ಕಾಣುತ್ತೆ. ಕೆಲವು ಸಲ ಡಿವಿಆರ್ ತಾನೇ "ಫಾರ್ಮ್ಯಾಟ್ ಮಾಡಲೇ?" ಅಂತ ಕೇಳುತ್ತೆ. ಹಳೆಯದು ಬೇಕು ಅಂದ್ರೆ ಅದನ್ನು ಒತ್ತಲೇಬೇಡಿ. ಒತ್ತಿದರೆ ಉಳಿದಿರೋದೂ ಹೋಗುತ್ತೆ.

ಇನ್ನೊಂದು ಅಪಾಯ ಬಹಳ ಜನಕ್ಕೆ ಹೊಳೆಯಲ್ಲ. ರೆಕಾರ್ಡ್ ನಿಂತಿದ್ದ ಡಿವಿಆರ್ ರಿಪೇರಿ ಆಗಿ ಶುರುವಾದ ಕ್ಷಣದಿಂದಲೇ ಹೊಸದನ್ನು ಬರೆಯೋಕೆ ಜಾಗ ಹುಡುಕುತ್ತೆ. ಡಿಸ್ಕ್ ತುಂಬಿದ್ದರೆ ಅತಿ ಹಳೆಯ ದಿನದಿಂದ ಅಳಿಸುತ್ತಾ ಬರುತ್ತೆ. ಅಂದರೆ ಕೇಬಲ್ ಸರಿ ಮಾಡಿ "ಸದ್ಯ ಸರಿ ಹೋಯ್ತು" ಅಂತ ಬಿಟ್ಟರೆ, ನಿಮಗೆ ಬೇಕಾದ ಹಳೆಯ ದಿನಗಳು ಒಂದೊಂದಾಗಿ ಹೋಗ್ತಿರ್ತವೆ.

ಅದಕ್ಕೆ, ಕಳುವಾಗಿದ್ದರೆ ಡಿವಿಆರ್ ಹಿಂಭಾಗದಲ್ಲಿರೋ ಕ್ಯಾಮೆರಾ ವೈರ್‌ಗಳನ್ನೆಲ್ಲ ಮೊದಲು ಬಿಚ್ಚಿ. ಯಾವುದು ಎಷ್ಟನೇ ಕ್ಯಾಮೆರಾ ಅಂತ ಮೊಬೈಲಲ್ಲಿ ಒಂದು ಫೋಟೋ ತೆಗೆದಿಟ್ಟು ಬಿಚ್ಚಿ. ರೆಕಾರ್ಡ್ ಮೋಡ್ ಬದಲಿಸೋಕೆ ಆಗುತ್ತೆ ಅಂದ್ರೆ ಅದನ್ನೂ `Stop` ಮಾಡಿ. ಆಮೇಲೆ ಬೇಕಾದ ದಿನಗಳನ್ನು ಪೆನ್‌ಡ್ರೈವ್‌ಗೆ ತೆಗೆದುಕೊಳ್ಳಿ. ಬಹಳಷ್ಟು ಡಿವಿಆರ್‌ಗಳು FAT32 ಮಾದರಿಯ ಪೆನ್‌ಡ್ರೈವ್ ಅನ್ನು ತಕರಾರಿಲ್ಲದೆ ಓದುತ್ತವೆ. ರಿಪೇರಿ ಎಲ್ಲ ಆಮೇಲೆ.

## ಖಾಲಿ ಜಾಗ ಹೇಗಿದೆ ನೋಡಿ, ಅರ್ಧ ಕಾರಣ ಅಲ್ಲೇ ಇದೆ

ಡಿವಿಆರ್ ಅನ್ನು ಎಚ್‌ಡಿಎಂಐ ಕೇಬಲ್‌ನಿಂದ ಮನೆಯ ಟಿವಿಗೆ ಸೇರಿಸಿ, ಮೌಸ್ ಹಾಕಿ, `Playback` ತೆರೆಯಿರಿ. ಬದಿಯಲ್ಲಿ ಕ್ಯಾಲೆಂಡರ್ ಇರುತ್ತೆ. ರೆಕಾರ್ಡ್ ಇರೋ ದಿನಗಳಿಗೆ ಬಣ್ಣ ಅಥವಾ ಚುಕ್ಕೆ ಇರುತ್ತೆ. ಒಂದು ದಿನ ಒತ್ತಿದರೆ ಕೆಳಗೆ 24 ಗಂಟೆಯ ಪಟ್ಟಿ ಕಾಣುತ್ತೆ. ಆ ಪಟ್ಟಿಯಲ್ಲಿ ಬಣ್ಣ ಇರೋ ಕಡೆ ಮಾತ್ರ ರೆಕಾರ್ಡ್ ಇದೆ. ಡಿವಿಆರ್ ಬಿಚ್ಚೋ ಮೊದಲು ಇದನ್ನು ಸಮಾಧಾನವಾಗಿ ನೋಡಿ, ಫೋಟೋ ತೆಗೆದಿಡಿ.

ಒಂದು ದಿನದವರೆಗೆ ಎಲ್ಲ ಸರಿಯಾಗಿದ್ದು, ಆಮೇಲೆ ಕತ್ತರಿಸಿದ ಹಾಗೆ ನಿಂತಿದ್ದರೆ ಸೆಟ್ಟಿಂಗ್ ಮೇಲೆ ಅನುಮಾನ ಪಡಬೇಕು. ಡಿಸ್ಕ್ ತುಂಬಿದೆ, ಹಳೆಯದರ ಮೇಲೆ ಬರೆಯೋಕೆ ಅನುಮತಿ ಇಲ್ಲ. ಅಥವಾ ಆ ದಿನ ಯಾರೋ ರೆಕಾರ್ಡ್ ನಿಲ್ಲಿಸಿದ್ದಾರೆ.

ಅಲ್ಲಲ್ಲಿ ತೂತು ಬಿದ್ದ ಹಾಗೆ ಇದ್ದು, ಒಂದೆರಡು ಗಂಟೆ ಇದೆ, ಮೂರು ಗಂಟೆ ಇಲ್ಲ, ಮತ್ತೆ ಇದೆ ಅಂತಿದ್ದರೆ ಕೇಬಲ್, ಅಡಾಪ್ಟರ್ ಅಥವಾ ಡಿಸ್ಕ್ ಮೇಲೆ ಅನುಮಾನ. ತೂತುಗಳು ಕರೆಂಟ್ ಹೋದ ವೇಳೆಗೆ ಸರಿಯಾಗಿ ಹೊಂದಿದರೆ ತಪ್ಪು ಡಿವಿಆರ್‌ದಲ್ಲ, ಕರೆಂಟ್‌ದು.

ಮೂರು ಕ್ಯಾಮೆರಾದ್ದು ಇದೆ, ಒಂದರದ್ದು ಮಾತ್ರ ಇಲ್ಲ ಅಂದರೆ ಡಿಸ್ಕ್ ಕಡೆ ಹೋಗಲೇಬೇಡಿ. ಆ ಕ್ಯಾಮೆರಾದ ವೈರ್ ಅಥವಾ ಅದರ ವೇಳಾಪಟ್ಟಿ ನೋಡಿ. ಹೊನ್ನಾಳಿಯ ಹೊಳೆ ಬದಿ ತೋಟದಂಥ ತೇವ ಇರೋ ಕಡೆ, ಹೊರಗೆ ತೆರೆದ ಜಾಯಿಂಟ್ ತುಕ್ಕು ಹಿಡಿದು ಇಂಥದ್ದು ಆಗೋದುಂಟು.

ನಮ್ಮ ಉದಾಹರಣೆಯಲ್ಲಿ ಕ್ಯಾಲೆಂಡರ್ ಹೀಗಿತ್ತು. ನವೆಂಬರ್ 1ರಿಂದ 9ರವರೆಗೆ ಪೂರ್ತಿ ಬಣ್ಣ. 10ರಿಂದ 16ರವರೆಗೆ ದಿನಕ್ಕೆ ಎಂಟು ಗಂಟೆ, ಆರು ಗಂಟೆ, ಹೀಗೆ ತುಂಡು ತುಂಡು. 17ರಿಂದ ಪೂರ್ತಿ ಖಾಲಿ. ನಾಲ್ಕೂ ಕ್ಯಾಮೆರಾಕ್ಕೆ ಒಂದೇ ರೀತಿ. ಇದು ಸೆಟ್ಟಿಂಗ್ ತಪ್ಪಿನ ಗುರುತಲ್ಲ. ಸೆಟ್ಟಿಂಗ್ ಆಗಿದ್ದರೆ ಒಂದೇ ಏಟಿಗೆ ನಿಲ್ಲುತ್ತಿತ್ತು. ಇಲ್ಲಿ ಒಂದು ವಾರ ತೊದಲಿ ತೊದಲಿ ನಿಂತಿದೆ. ಆದರೂ ಸೆಟ್ಟಿಂಗ್ ನೋಡೋಕೆ ಎರಡೇ ನಿಮಿಷ ಸಾಕು, ಡಿವಿಆರ್ ಬಿಚ್ಚೋದೂ ಬೇಡ. ಹಾಗಾಗಿ ಮೊದಲು ಅದನ್ನೇ ನೋಡೋದು ಒಳ್ಳೇದು.

## ಹಳೆಯದರ ಮೇಲೆ ಬರೆಯೋ ಸೆಟ್ಟಿಂಗ್

ಡಿಸ್ಕ್ ತುಂಬಿದಾಗ ಏನು ಮಾಡಬೇಕು ಅಂತ ಡಿವಿಆರ್‌ಗೆ ನಾವೇ ಹೇಳಿರಬೇಕು. ಸಿಪಿ ಪ್ಲಸ್, ದಹುವಾ ತರಹದ ಪೆಟ್ಟಿಗೆಗಳಲ್ಲಿ `Storage` ಒಳಗೆ `HDD Full` ಅಂತ ಒಂದು ಸಾಲು ಇರುತ್ತೆ. ಅಲ್ಲಿ `Overwrite` ಮತ್ತು `Stop` ಅಂತ ಎರಡು ಆಯ್ಕೆ. `Overwrite` ಇಟ್ಟರೆ ಹಳೆಯದನ್ನು ಅಳಿಸಿ ಹೊಸದನ್ನು ಬರೆಯುತ್ತೆ. `Stop` ಇದ್ದರೆ ತುಂಬಿದ ದಿನವೇ ರೆಕಾರ್ಡ್ ನಿಲ್ಲುತ್ತೆ, ಲೈವ್ ಮಾತ್ರ ಬರ್ತಿರುತ್ತೆ. ಹಿಕ್‌ವಿಷನ್‌ನಲ್ಲಿ ಇದು ಸಾಮಾನ್ಯವಾಗಿ ರೆಕಾರ್ಡಿಂಗ್ ಅಥವಾ ಡಿಸ್ಕ್ ಮೆನುವಿನ `Advanced` ಭಾಗದಲ್ಲಿ `Overwrite` ಅನ್ನೋ ಟಿಕ್ ಆಗಿ ಇರುತ್ತೆ. ಮಾಡೆಲ್ ಬದಲಾದರೆ ಮೆನುವಿನ ಜಾಗ ಬದಲಾಗಬಹುದು, `Overwrite` ಅನ್ನೋ ಪದ ಮಾತ್ರ ಹೆಚ್ಚಾಗಿ ಅದೇ ಇರುತ್ತೆ.

ಅದರ ಜೊತೆಗೇ ರೆಕಾರ್ಡ್ ಮೋಡ್ ನೋಡಿ. ಸಿಪಿ ಪ್ಲಸ್, ದಹುವಾದಲ್ಲಿ ಪ್ರತಿ ಕ್ಯಾಮೆರಾಗೂ `Auto`, `Manual`, `Stop` ಅಂತ ಮೂರು ಚುಕ್ಕೆ ಇರ್ತವೆ. ಮಕ್ಕಳು ಮೌಸ್ ಹಿಡಿದು ಆಡುವಾಗ `Stop` ಮೇಲೆ ಹೋಗಿದ್ದರೆ ಕಥೆ ಮುಗೀತು. `Auto` ಇರಬೇಕು. `Auto` ಅಂದರೆ ವೇಳಾಪಟ್ಟಿಯಂತೆ ರೆಕಾರ್ಡ್ ಮಾಡು ಅಂತ. ಆ ವೇಳಾಪಟ್ಟಿ ಇರೋದು `Schedule` ಒಳಗೆ. ಏಳು ದಿನಕ್ಕೂ 24 ಗಂಟೆಯೂ ಬಣ್ಣ ತುಂಬಿರಬೇಕು. ಯಾವ ಬಣ್ಣಕ್ಕೆ ಯಾವ ಅರ್ಥ ಅಂತ ಪರದೆಯ ಮೇಲೇ ಬರೆದಿರುತ್ತೆ. ಚಲನೆ ಕಂಡಾಗ ಮಾತ್ರ ರೆಕಾರ್ಡ್ ಅಂತ ಇಟ್ಟಿದ್ದರೆ, ಕತ್ತಲಲ್ಲಿ ನಿಧಾನವಾಗಿ ನಡೆದವರನ್ನು ಅದು ಬಿಟ್ಟುಬಿಡಬಹುದು. ಗೋದಾಮಿನ ಒಳಗಿನ ಕ್ಯಾಮೆರಾಗೆ ನಿರಂತರ ರೆಕಾರ್ಡ್ ಇಡೋದೇ ಕ್ಷೇಮ.

ನಮ್ಮ ಶೆಡ್ಡಿನಲ್ಲಿ ಇವೆಲ್ಲ ಸರಿಯಾಗಿದ್ದವು. `Overwrite` ಇತ್ತು, `Auto` ಇತ್ತು, ವೇಳಾಪಟ್ಟಿ ತುಂಬಿತ್ತು. ಅಂದರೆ ತೊಂದರೆ ಡಿಸ್ಕ್ ಕಡೆಗಿದೆ.

## ಡಿಸ್ಕ್ ಏನು ಹೇಳ್ತಿದೆ?

ಡಿಸ್ಕ್ ಮೆನುವಿಗೆ ಹೋಗಿ. `HDD` ಅಥವಾ `Disk Manager` ಅಂತ ಇರುತ್ತೆ. `Normal` ಅಂತ ಬಂದು, ಅಳತೆ 931 ಜಿಬಿ ಆಸುಪಾಸು ತೋರಿಸಿದರೆ ಡಿವಿಆರ್‌ಗೆ ಡಿಸ್ಕ್ ಕಾಣ್ತಿದೆ ಅಂತ ಅರ್ಥ. 1 ಟಿಬಿ ಡಿಸ್ಕ್ ಅಲ್ಲಿ 931 ಅಂತಲೇ ಕಾಣೋದು, ಅದು ಮೋಸ ಅಲ್ಲ, ಲೆಕ್ಕದ ರೀತಿ ಬೇರೆ ಅಷ್ಟೆ. `Abnormal` ಅಥವಾ `Error` ಅಂತ ಬಂದರೆ, ಇಲ್ಲವೇ ಪಟ್ಟಿಯೇ ಖಾಲಿ ಇದ್ದರೆ ಕೇಬಲ್ ಸಡಿಲವಾಗಿರಬಹುದು, ಅಡಾಪ್ಟರ್ ಸೋತಿರಬಹುದು, ಡಿಸ್ಕ್ ಸತ್ತಿರಬಹುದು. ಈ ಮೂರರಲ್ಲಿ ಯಾವುದು ಅಂತ ಹೇಳೋಕೆ ಡಿಸ್ಕ್ ತಾನೇ ಒಂದು ದಿನಚರಿ ಬರೆದಿಟ್ಟಿರುತ್ತೆ.

ಆ ದಿನಚರಿಯ ಹೆಸರು `S.M.A.R.T.` ಹಿಕ್‌ವಿಷನ್‌ನಲ್ಲಿ `Maintenance` ಒಳಗಿನ `HDD Detect` ಭಾಗದಲ್ಲಿ, ಬೇರೆಯವುಗಳಲ್ಲಿ ಹೆಚ್ಚಾಗಿ ಡಿಸ್ಕ್ ಮಾಹಿತಿಯ ಪುಟದಲ್ಲಿ ಸಿಗುತ್ತೆ. ತೆರೆದರೆ ಇಪ್ಪತ್ತು ಸಾಲು ಸಂಖ್ಯೆ ಕಾಣುತ್ತೆ. ಹೆದರಬೇಡಿ, ನಮಗೆ ಬೇಕಾಗಿರೋದು ಮೂರೇ ಸಾಲು. ಪ್ರತಿ ಸಾಲಿಗೆ ಒಂದು ನಂಬರ್ ಇರುತ್ತೆ, ಕೊನೆಯ ಕಾಲಂನಲ್ಲಿ ಅದರ ನಿಜವಾದ ಎಣಿಕೆ ಇರುತ್ತೆ.

ನಂಬರ್ 5, `Reallocated Sector Count`. ಡಿಸ್ಕ್ ಒಳಗೆ ಕೆಟ್ಟ ಜಾಗಗಳನ್ನು ಬಿಟ್ಟು ಮೀಸಲು ಜಾಗಕ್ಕೆ ಬದಲಿಸಿಕೊಂಡ ಲೆಕ್ಕ ಇದು. ಹೊಲದಲ್ಲಿ ಚೌಳು ಬಿದ್ದ ತುಂಡನ್ನು ಬಿಟ್ಟು ಬೇರೆ ಕಡೆ ಬಿತ್ತಿದ ಹಾಗೆ. 0 ಇದ್ದರೆ ಚೆನ್ನಾಗಿದೆ.

ನಂಬರ್ 197, `Current Pending Sector Count`. ಓದೋಕೆ ಆಗದೆ, ಕೆಟ್ಟಿದೆಯೋ ಇಲ್ಲವೋ ಅಂತ ತೀರ್ಮಾನಕ್ಕೆ ಕಾಯ್ತಿರೋ ಜಾಗಗಳು. ಇದೂ 0 ಇರಬೇಕು.

ನಂಬರ್ 199, `UltraDMA CRC Error Count`. ಇದು ಡಿಸ್ಕ್‌ನ ರೋಗವಲ್ಲ, ದಾರಿಯ ರೋಗ. ಡಿವಿಆರ್ ಬೋರ್ಡಿಗೂ ಡಿಸ್ಕ್‌ಗೂ ನಡುವಿನ ಕೇಬಲ್‌ನಲ್ಲಿ ಮಾಹಿತಿ ಕೆಟ್ಟು ಬಂದ ಪ್ರತಿ ಸಲ ಇದು ಏರುತ್ತೆ.

ಈ ಮೂರನ್ನು ಜೊತೆಗಿಟ್ಟು ಓದಿದರೆ ವಿಷಯ ಬಯಲಾಗುತ್ತೆ. 199 ಏರಿದೆ, 5 ಮತ್ತು 197 ಸೊನ್ನೆ ಅಂದರೆ ಬಹುಶಃ ಡಿಸ್ಕ್ ಗಟ್ಟಿ ಇದೆ, ಕೇಬಲ್ ಬದಲಿಸಿ. 5 ಅಥವಾ 197 ವಾರದಿಂದ ವಾರಕ್ಕೆ ಏರುತ್ತಿದೆ ಅಂದರೆ ಡಿಸ್ಕ್ ಸಾಯ್ತಿದೆ, ಯಾವ ಕೇಬಲ್ ಹಾಕಿದರೂ ಉಳಿಯಲ್ಲ. ನಂಬರ್ 5ರಲ್ಲಿ ಎರಡೋ ಮೂರೋ ಇದ್ದು ತಿಂಗಳಾದರೂ ಹಾಗೇ ನಿಂತಿದ್ದರೆ ಗಾಬರಿ ಬೇಡ, ಬರೆದಿಟ್ಟು ಗಮನಿಸುತ್ತಿರಿ.

ಒಂದು ಎಚ್ಚರಿಕೆ. ಸೀಗೇಟ್ ಡಿಸ್ಕ್‌ಗಳಲ್ಲಿ ನಂಬರ್ 1 ಮತ್ತು 7ರ ಸಾಲಿನಲ್ಲಿ ಕೋಟಿಗಟ್ಟಲೆ ಸಂಖ್ಯೆ ಕಾಣುತ್ತೆ. ಆ ಕಂಪನಿ ಲೆಕ್ಕ ಇಡೋ ರೀತಿಯೇ ಹಾಗೆ. ಅದನ್ನು ತೋರಿಸಿ "ಡಿಸ್ಕ್ ಹೋಗಿದೆ, ಹೊಸದು ಹಾಕಿಸಿ" ಅಂತ ಯಾರಾದರೂ ಅಂದರೆ, 5 ಮತ್ತು 197 ತೋರಿಸಿ ಅಂತ ಕೇಳಿ. ಅದೇ ರೀತಿ `S.M.A.R.T.` ಪುಟದಲ್ಲಿ ಎಲ್ಲ ಸರಿ ಅಂತ ಬಂದ ಮಾತ್ರಕ್ಕೆ ಡಿಸ್ಕ್ ಗ್ಯಾರಂಟಿ ಅಂತಲೂ ಅಲ್ಲ. ಯಾವ ಮುನ್ಸೂಚನೆಯೂ ಇಲ್ಲದೆ ಒಮ್ಮೆಲೇ ಹೋಗೋ ಡಿಸ್ಕ್‌ಗಳೂ ಇವೆ.

ನಮ್ಮ ಶೆಡ್ಡಿನ ಡಿವಿಆರ್‌ನಲ್ಲಿ ಡಿಸ್ಕ್ ಪಟ್ಟಿ ಒಮ್ಮೆ ಖಾಲಿ ತೋರಿಸಿತು, ಆಫ್ ಮಾಡಿ ಆನ್ ಮಾಡಿದಾಗ `Normal` ಅಂತ ಬಂತು. ಆ ಸಂದಿನಲ್ಲಿ ನೋಡಿದರೆ ನಂಬರ್ 5 ಸೊನ್ನೆ, 197 ಸೊನ್ನೆ, 199ರಲ್ಲಿ 1846. ಕೇಬಲ್ ಅಂತ ಅಲ್ಲೇ ಗೊತ್ತಾಯ್ತು.

## ಪೆಟ್ಟಿಗೆ ಬಿಚ್ಚೋದು

ಡಿವಿಆರ್ ಅನ್ನು ಮೆನುವಿನಿಂದ `Shutdown` ಮಾಡಿ, ಆಮೇಲೆ ಪ್ಲಗ್ ಕಿತ್ತು ಒಂದೆರಡು ನಿಮಿಷ ಬಿಡಿ. ಓಡ್ತಿರೋ ಡಿಸ್ಕ್ ಅಲುಗಾಡಿದರೆ ಒಳಗಿನ ತಟ್ಟೆಗೆ ಗೀರು ಬೀಳುತ್ತೆ. ವಾರಂಟಿ ಇದ್ದರೆ ಸ್ಟಿಕರ್ ಕೀಳಬೇಡಿ, ಹಾಕಿದವರನ್ನೇ ಕರೆಸಿ. ವಾರಂಟಿ ಮುಗಿದಿದ್ದರೆ ಸ್ಕ್ರೂ ಬಿಚ್ಚಿ ಮುಚ್ಚಳ ತೆಗೆಯಿರಿ. ಒಳಗಿನ ಲೋಹದ ಭಾಗ ಮುಟ್ಟೋ ಮೊದಲು ನೆಲಕ್ಕೆ ಸೇರಿದ ಯಾವುದಾದರೂ ಲೋಹವನ್ನು ಒಮ್ಮೆ ಮುಟ್ಟಿ, ಮೈಯಲ್ಲಿನ ಸ್ಥಿರ ವಿದ್ಯುತ್ ಹೋಗಲಿ.

ಡಿಸ್ಕ್‌ಗೆ ಎರಡು ಕೇಬಲ್ ಇರ್ತವೆ. ಅಗಲವಾದದ್ದು ಕರೆಂಟ್, ಚಿಕ್ಕದು ಮಾಹಿತಿ. ಚಿಕ್ಕದಕ್ಕೆ ಸಾಟಾ ಕೇಬಲ್ ಅಂತಾರೆ. ಎರಡೂ ಕೇವಲ ಬಿಗಿತದ ಮೇಲೆ ನಿಂತಿರ್ತವೆ. ಸುಲಿಯೋ ಯಂತ್ರದ ನಡುಕ ಇರೋ ಗೋಡೆಗೆ ಡಿವಿಆರ್ ಇಟ್ಟಿದ್ದರೆ ತಿಂಗಳುಗಟ್ಟಲೆ ಅಲುಗಿ ಅಲುಗಿ ಅವು ಸಡಿಲ ಆಗಬಹುದು. ಅಡಿಕೆ ಸಿಪ್ಪೆಯ ಧೂಳು, ಜಗಳೂರು ಕಡೆ ಮೆಕ್ಕೆಜೋಳ ಒಕ್ಕುವ ಹೊತ್ತಿನ ಧೂಳು ಒಳಗೆ ಹೋಗಿ ಕೂರುತ್ತೆ. ಇಲಿಗೂ ಬೆಚ್ಚಗಿನ ಡಿವಿಆರ್ ಪೆಟ್ಟಿಗೆ ಇಷ್ಟ.

ಎರಡೂ ತುದಿಯಲ್ಲಿ ಕೇಬಲ್ ಕಿತ್ತು, ಒಣಗಿದ ಮೃದು ಬ್ರಷ್‌ನಿಂದ ಧೂಳು ತೆಗೆದು, ಮತ್ತೆ ಪೂರ್ತಿ ಕೂರೋವರೆಗೆ ಒತ್ತಿ. ಕಂಪ್ರೆಸರ್ ಗಾಳಿ ಹೊಡೀಬೇಡಿ, ಅದರಲ್ಲಿ ನೀರಿನ ಹನಿ ಬರುತ್ತೆ. ಸಾಟಾ ಕೇಬಲ್ ಮಡಚಿಕೊಂಡು ಬಿರುಕು ಬಿಟ್ಟಿದ್ದರೆ ಅಥವಾ 199 ಜಾಸ್ತಿ ಇದ್ದರೆ ಮತ್ತೆ ಅದನ್ನೇ ಹಾಕಬೇಡಿ. ಡಿಸ್ಕ್ ಬೆಲೆಗೆ ಹೋಲಿಸಿದರೆ ಈ ಕೇಬಲ್ ಏನೇನೂ ಅಲ್ಲ. ಕಂಪ್ಯೂಟರ್ ಅಂಗಡಿಯಲ್ಲಿ ಸಿಗುತ್ತೆ.

ಹೊಸ ಕೇಬಲ್ ಹಾಕಿದ ಮೇಲೆ 199 ಸೊನ್ನೆಗೆ ಇಳಿಯಲ್ಲ. ಆ ಎಣಿಕೆ ಇಳಿಯೋದೇ ಇಲ್ಲ. ಹಾಗಾಗಿ 1846 ಅಂತ ಒಂದು ಚೀಟಿಯಲ್ಲಿ ಬರೆದು ಡಿವಿಆರ್ ಮೇಲೆ ಅಂಟಿಸಿ. ವಾರ ಬಿಟ್ಟು ನೋಡಿದಾಗ 1846 ಆಗೇ ಇದ್ದರೆ ರೋಗ ವಾಸಿ ಆಯ್ತು. 1900 ಆಗಿದ್ದರೆ ಇನ್ನೂ ಎಲ್ಲೋ ತೊಂದರೆ ಇದೆ, ಬೋರ್ಡ್ ಕಡೆಯ ಸಾಕೆಟ್ ನೋಡಬೇಕು.

## ಕೇಬಲ್ ಸರಿ ಇದ್ದೂ ಡಿಸ್ಕ್ ಬಂದು ಹೋಗಿ ಮಾಡಿದರೆ

ಆಗ ಅಡಾಪ್ಟರ್ ನೋಡಿ. ಚಿಕ್ಕ ಡಿವಿಆರ್‌ಗಳು ಹೆಚ್ಚಾಗಿ 12 ವೋಲ್ಟ್ ಅಡಾಪ್ಟರ್ ಮೇಲೆ ಓಡ್ತವೆ. ಡಿಸ್ಕ್ ತಿರುಗೋಕೆ ಶುರು ಮಾಡೋ ಗಳಿಗೆಯಲ್ಲಿ ಅತಿ ಹೆಚ್ಚು ಕರೆಂಟ್ ಎಳೆಯುತ್ತೆ. ಸುಸ್ತಾದ ಅಡಾಪ್ಟರ್ ಬೋರ್ಡನ್ನು ಓಡಿಸುತ್ತೆ, ಡಿಸ್ಕ್ ಎಬ್ಬಿಸೋಕೆ ಆಗಲ್ಲ. ಕಿವಿ ಇಟ್ಟು ಕೇಳಿದರೆ ಡಿಸ್ಕ್ ತಿರುಗೋಕೆ ಹೋಗಿ ನಿಂತು, ಮತ್ತೆ ಹೋಗಿ ನಿಲ್ಲೋ ಟಿಕ್ ಟಿಕ್ ಸದ್ದು ಬರುತ್ತೆ. ಸಾಯ್ತಿರೋ ಡಿಸ್ಕ್‌ನಿಂದಲೂ ಇದೇ ಸದ್ದು ಬರುತ್ತೆ, ಅದಕ್ಕೇ ಡಿಸ್ಕ್ ಎಸೆಯೋ ಮೊದಲು ಅಡಾಪ್ಟರ್ ಬದಲಿಸಿ ನೋಡಬೇಕು.

ಸ್ಟಾರ್ಟರ್ ನೋಡೋಕೆ ನಿಮ್ಮ ಹತ್ತಿರ ಮಲ್ಟಿಮೀಟರ್ ಇದ್ದರೂ, ಬಿಡಿಯಾಗಿ ಅಳೆದರೆ ಸುಸ್ತಾದ ಅಡಾಪ್ಟರ್ ಕೂಡ 12 ತೋರಿಸುತ್ತೆ. ಭಾರ ಬಿದ್ದಾಗ ಮಾತ್ರ ಇಳಿಯುತ್ತೆ. ಹಾಗಾಗಿ ಅದೇ ವೋಲ್ಟ್, ಅಷ್ಟೇ ಅಥವಾ ಹೆಚ್ಚು ಆಂಪಿಯರ್ ಇರೋ ಇನ್ನೊಂದು ಅಡಾಪ್ಟರ್ ಹಾಕಿ ನೋಡೋದೇ ಸರಿಯಾದ ಪರೀಕ್ಷೆ. ಪಿನ್‌ನ ಧನ, ಋಣ ಗುರುತು ಹೊಂದಬೇಕು, ಅಡಾಪ್ಟರ್ ಮೇಲೆ ಚಿತ್ರ ಇರುತ್ತೆ.

ಪಂಪ್‌ಸೆಟ್ ಲೈನ್‌ನಿಂದಲೇ ಕರೆಂಟ್ ಎಳೆದು ಡಿವಿಆರ್ ಹಾಕಿದ್ದರೆ, ಕರೆಂಟ್ ಬಂದು ಹೋದಾಗಲೆಲ್ಲ ಡಿಸ್ಕ್‌ಗೆ ಏಟು. ಮಧ್ಯೆ ಒಂದು ಚಿಕ್ಕ ಯುಪಿಎಸ್ ಇಟ್ಟರೆ ಡಿಸ್ಕ್‌ನ ಆಯುಸ್ಸು ಉಳಿಯುತ್ತೆ.

## ಎಷ್ಟು ದಿನ ಉಳಿಯುತ್ತೆ ಅನ್ನೋ ಲೆಕ್ಕ

ಎಲ್ಲ ಸರಿಯಾಗಿದ್ದರೂ ನಮ್ಮ ಶೆಡ್ಡಿನವರಿಗೆ ನವೆಂಬರ್ 4ರ ರೆಕಾರ್ಡ್ 28ನೇ ತಾರೀಕಿಗೆ ಸಿಗ್ತಿತ್ತಾ? ಲೆಕ್ಕ ಹಾಕಿ ನೋಡೋಣ.

ಕ್ಯಾಮೆರಾದ ಸೆಟ್ಟಿಂಗ್‌ನಲ್ಲಿ `Bit Rate` ಅಂತ ಇರುತ್ತೆ. 1024 ಅಂತಿದ್ದರೆ ಸುಮಾರು 1 ಎಂಬಿಪಿಎಸ್, 2048 ಅಂದರೆ 2. ಒಂದು ಎಂಬಿಪಿಎಸ್‌ನ ಕ್ಯಾಮೆರಾ ದಿನಪೂರ್ತಿ ಓಡಿದರೆ ಸುಮಾರು 11 ಜಿಬಿ ಬೇಕು. ಈ ಒಂದು ಸಂಖ್ಯೆ ನೆನಪಿಟ್ಟುಕೊಂಡರೆ ಸಾಕು.

ನಮ್ಮಲ್ಲಿ ನಾಲ್ಕು ಕ್ಯಾಮೆರಾ, ತಲಾ 2 ಎಂಬಿಪಿಎಸ್. ಒಟ್ಟು 8. ಎಂಟು ಹನ್ನೊಂದಲೆ 88 ಜಿಬಿ ದಿನಕ್ಕೆ. 1 ಟಿಬಿ ಡಿಸ್ಕ್ ಅಂದರೆ 1000 ಜಿಬಿ. ಭಾಗಿಸಿದರೆ ಹನ್ನೊಂದು ದಿನ ಚಿಲ್ಲರೆ. ಅಂದರೆ ಡಿವಿಆರ್ ನೆಟ್ಟಗಿದ್ದಿದ್ದರೂ 28ನೇ ತಾರೀಕಿಗೆ ಸಿಗ್ತಿದ್ದದ್ದು 17ರಿಂದ ಈಚಿನದು ಮಾತ್ರ. ಚೀಲ ಇಟ್ಟ ದಿನಕ್ಕೂ ಎಣಿಸಿದ ದಿನಕ್ಕೂ 24 ದಿನ ಅಂತರ, ಡಿಸ್ಕ್‌ನ ನೆನಪು 11 ದಿನ. ಈ ಎರಡು ಹೊಂದಿಲ್ಲ.

ಹೊಂದಿಸೋಕೆ ಮೂರು ದಾರಿ ಇದೆ. ದೊಡ್ಡ ಡಿಸ್ಕ್ ಹಾಕೋದು ಒಂದು: 4 ಟಿಬಿ ಹಾಕಿದರೆ ಇದೇ ಲೆಕ್ಕದಲ್ಲಿ 45 ದಿನ ಬರುತ್ತೆ. ನಿಮ್ಮ ಡಿವಿಆರ್ ಎಷ್ಟು ದೊಡ್ಡ ಡಿಸ್ಕ್ ಒಪ್ಪುತ್ತೆ ಅಂತ ಮೊದಲು ಕೈಪಿಡಿಯಲ್ಲಿ ನೋಡಿ. ಡಬ್ಲ್ಯುಡಿ ಪರ್ಪಲ್, ಸೀಗೇಟ್ ಸ್ಕೈಹಾಕ್ ತರಹದ, ಹಗಲು ರಾತ್ರಿ ಬರೆಯೋಕೆ ಅಂತಲೇ ಮಾಡಿದ ಡಿಸ್ಕ್ ತಗೊಳ್ಳಿ. ಎರಡನೇದು, ಡಿವಿಆರ್‌ಗೆ `H.265` ಇದ್ದರೆ ಅದನ್ನು ಆರಿಸಿ ಬಿಟ್ ರೇಟ್ ಇಳಿಸೋದು. ಇಳಿಸಿದ ಮೇಲೆ ರಾತ್ರಿಯ ಚಿತ್ರದಲ್ಲಿ ಮುಖ, ಗಾಡಿ ನಂಬರ್ ಗುರುತು ಸಿಗುತ್ತಾ ಅಂತ ನೋಡಲೇಬೇಕು. ಮೂರನೇದಕ್ಕೆ ಖರ್ಚಿಲ್ಲ: ವಾರಕ್ಕೊಮ್ಮೆ ಚೀಲ ಎಣಿಸೋದು. ಆಗ ಹನ್ನೊಂದು ದಿನದ ರೆಕಾರ್ಡ್ ಸಾಕಾಗುತ್ತೆ.

## ಆ ಶೆಡ್ಡಿನ ಕಥೆ ಏನಾಯ್ತು?

ಕ್ಯಾಮೆರಾ ವೈರ್ ಬಿಚ್ಚಿ, ರೆಕಾರ್ಡ್ ನಿಲ್ಲಿಸಿ, ಕೇಬಲ್ ಬದಲಿಸಿ ಡಿಸ್ಕ್ ಓದಿದಾಗ, ತುಂಡು ತುಂಡಾಗಿ ಉಳಿದಿದ್ದ ದಿನಗಳಲ್ಲಿ ಒಂದು ಉಪಯೋಗಕ್ಕೆ ಬಂತು. ನವೆಂಬರ್ 14ರ ಬೆಳಗ್ಗೆಯ ತುಂಡಿನಲ್ಲಿ ಗೋದಾಮಿನ ಸಾಲು ಪೂರ್ತಿ ಇತ್ತು, ಎಣಿಸಿದರೆ 40. ಅಂದರೆ ಚೀಲ ಹೋಗಿದ್ದು 14ರಿಂದ 28ರ ಒಳಗೆ. ಕಳ್ಳ ಯಾರು ಅಂತ ಇದರಿಂದ ಗೊತ್ತಾಗಲ್ಲ. ಆದರೆ ಪೊಲೀಸರು ಹುಡುಕಬೇಕಾದ ದಿನಗಳು 24ರಿಂದ 14ಕ್ಕೆ ಇಳಿದವು. ರಸ್ತೆಯ ಪೆಟ್ರೋಲ್ ಬಂಕ್, ಅಂಗಡಿಗಳ ಕ್ಯಾಮೆರಾದಲ್ಲೂ ದಿನ ಕಳೆದಂತೆ ಹಳೆಯದು ಅಳಿಯುತ್ತಿರುತ್ತೆ. ಹಾಗಾಗಿ ದೂರು ಕೊಡೋದು ಅದೇ ದಿನ ಆಗಬೇಕು.

ಪೊಲೀಸರಿಗೆ ಕೊಡುವಾಗ ಎರಡು ವಿಷಯ ನೆನಪಿಡಿ. ಡಿವಿಆರ್ ಪರದೆಯ ಗಡಿಯಾರ ಮತ್ತು ನಿಮ್ಮ ಮೊಬೈಲ್ ಗಡಿಯಾರ ಎರಡೂ ಒಂದೇ ಫೋಟೋದಲ್ಲಿ ಬರೋ ಹಾಗೆ ತೆಗೆಯಿರಿ. ಡಿವಿಆರ್ ಒಳಗಿನ ಚಿಕ್ಕ ಬಿಲ್ಲೆ ಬ್ಯಾಟರಿ ಸೋತಿದ್ದರೆ ಕರೆಂಟ್ ಹೋದಾಗ ತಾರೀಕು ಹಿಂದಕ್ಕೆ ಹೋಗಿ, ರೆಕಾರ್ಡ್ ಬೇರೆ ಯಾವುದೋ ವರ್ಷದ ಹೆಸರಲ್ಲಿ ಕೂತಿರಬಹುದು. ಎರಡನೇದು, 2024ರ ಜುಲೈ 1ರಿಂದ ಜಾರಿಯಲ್ಲಿರೋ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಇಂಥ ರೆಕಾರ್ಡ್ ಜೊತೆಗೆ ಒಂದು ಪ್ರಮಾಣಪತ್ರ ಬೇಕು. ಅದರ ಒಂದು ಭಾಗಕ್ಕೆ ಡಿವಿಆರ್ ನೋಡಿಕೊಳ್ಳುವವರು, ಇನ್ನೊಂದಕ್ಕೆ ತಜ್ಞರು ಸಹಿ ಹಾಕಬೇಕು. ಠಾಣೆಯಲ್ಲಿ ಕೇಳಿ. ಪರದೆಯನ್ನು ಮೊಬೈಲ್‌ನಲ್ಲಿ ಶೂಟ್ ಮಾಡಿ ವಾಟ್ಸಾಪ್ ಮಾಡಿದ್ದನ್ನೇ ನೆಚ್ಚಿಕೊಳ್ಳಬೇಡಿ, ಮೂಲ ಡಿಸ್ಕ್ ಜೋಪಾನ ಮಾಡಿ.

## ತಿಂಗಳಿಗೊಮ್ಮೆ ಹತ್ತು ನಿಮಿಷ

1. ಮೊಬೈಲ್ ಆಪ್‌ನಲ್ಲೇ `Playback` ತೆರೆದು, ನಿನ್ನೆ ರಾತ್ರಿ 2 ಗಂಟೆಯದನ್ನು ಪ್ರತಿ ಕ್ಯಾಮೆರಾದಲ್ಲೂ ಒಂದು ನಿಮಿಷ ನೋಡಿ.
2. ಅತಿ ಹಳೆಯ ರೆಕಾರ್ಡ್ ಯಾವ ದಿನದ್ದು ನೋಡಿ. ಲೆಕ್ಕದಂತೆ ಹನ್ನೊಂದು ದಿನ ಇರಬೇಕಾದ ಕಡೆ ಐದೇ ದಿನ ಇದ್ದರೆ ಎಲ್ಲೋ ಏನೋ ಬದಲಾಗಿದೆ.
3. ಪರದೆಯ ತಾರೀಕು, ಸಮಯ ಸರಿ ಇದೆಯಾ ನೋಡಿ.
4. ಟಿವಿಗೆ ಹಾಕಿದಾಗ 5, 197, 199 ಈ ಮೂರು ಎಣಿಕೆ ಚೀಟಿಯಲ್ಲಿ ಬರೆಯಿರಿ. ಹಿಂದಿನ ತಿಂಗಳದ್ದಕ್ಕೆ ಹೋಲಿಸಿ.

ಇನ್ನೊಂದು ಕೆಲಸ ಒಮ್ಮೆ ಮಾಡಿಟ್ಟರೆ ಸಾಕು. ಡಿವಿಆರ್‌ನ `Exception` ಅಥವಾ `Abnormality` ಮೆನುವಿನಲ್ಲಿ `No HDD`, `HDD Error` ಅಂತ ಇರ್ತವೆ. ಅವಕ್ಕೆ `Buzzer` ಆನ್ ಮಾಡಿ, ಮೊಬೈಲ್‌ಗೆ ಸೂಚನೆ ಕಳಿಸೋ ಆಯ್ಕೆ ಇದ್ದರೆ ಅದನ್ನೂ ಆನ್ ಮಾಡಿ. ಡಿಸ್ಕ್ ಕಾಣೆಯಾದ ಗಳಿಗೆಯಲ್ಲೇ ಡಿವಿಆರ್ ಕೂಗುತ್ತೆ. ಆ ಶೆಡ್ಡಿನಲ್ಲಿ ಇದು ಆನ್ ಆಗಿದ್ದಿದ್ದರೆ ನವೆಂಬರ್ 10ಕ್ಕೇ ಗೊತ್ತಾಗ್ತಿತ್ತು. ಕೂಗು ಕಿರಿಕಿರಿ ಅಂತ ಯಾರೂ ಆಫ್ ಮಾಡದ ಹಾಗೆ ಮನೆಯವರಿಗೆ ಹೇಳಿಡಿ. ಡಿವಿಆರ್ ಅನ್ನು ಗೋದಾಮಿನ ಬಾಗಿಲ ಪಕ್ಕ ಇಡದೆ, ಮನೆಯೊಳಗೆ, ಗಾಳಿ ಆಡೋ ಬೀಗದ ಪೆಟ್ಟಿಗೆಯಲ್ಲಿ ಇಡಿ. ನ್ಯಾಮತಿಯ ಕಳ್ಳರ ಹಾಗೆ ಹೊತ್ತೊಯ್ಯೋಕೆ ಬಂದವರ ಕೈಗೂ ಅದು ಸುಲಭಕ್ಕೆ ಸಿಗಬಾರದು.